ಸೂರ್ಯ ಎಡಗಡೆ, ಮನೆ ಬಲಗಡೆ

ಚಿತ್ರ ಮಾಡಿಸಲು ಬರುವ ಗಿರಾಕಿಗಳು ಈಗೀಗ ಬಾಯಲ್ಲಿ ಹೇಳುವುದು ಕಡಿಮೆ. ಮೊಬೈಲಿನಲ್ಲಿ ಕಂಡು ಮನಸ್ಸಿಗೆ ಹಿಡಿಸಿದ ಪಟಗಳನ್ನೆಲ್ಲ ಒಟ್ಟು ಮಾಡಿ ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ, ಕೆಳಗೆ ಒಂದೇ ಸಾಲು: "ಇದೇ ತರ ಬೇಕು". ಈ ಪಟಗಳ ಗುಂಪಿಗೆ ನಮ್ಮ ಕಸುಬಿನಲ್ಲಿ ಮೂಡ್‌ಬೋರ್ಡ್ ಎನ್ನುತ್ತೇವೆ. ಮಾತು ಕೊಟ್ಟರೆ ಚಿತ್ರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದ ಮೇಲೆ ನಮ್ಮ ಕೆಲಸದ ದೊಡ್ಡ ಪಾಲು ಈ ಪಟಗಳನ್ನು ಪ್ರಾಂಪ್ಟ್ ಆಗಿ, ಅಂದರೆ ಯಂತ್ರಕ್ಕೆ ಕೊಡುವ ವಿವರಣೆಯಾಗಿ, ಬರೆಯುವುದು. ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಇವತ್ತು ಕುಂದಾಪುರದ ಕೋಡಿಯ ಒಂದು ಉದಾಹರಣೆ ಹಿಡಿದು ಹೇಳುತ್ತೇನೆ.

ಕೋಡಿಯಲ್ಲಿ ಕಡಲಿಗೆ ಮುಖ ಮಾಡಿದ ಹಳೆಯ ಮನೆಯೊಂದನ್ನು ಸರಿಮಾಡಿಸಿ ಹೋಂಸ್ಟೇ ನಡೆಸುವ ಒಬ್ಬರು ಅಕ್ಕ ಪೋಸ್ಟರ್ ಬೇಕೆಂದು ಬಂದರು. ಅವರ ಮೂಡ್‌ಬೋರ್ಡಿನಲ್ಲಿ ಇದ್ದದ್ದು ಇಷ್ಟು: ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದ ಬಿಳಿ ಮನೆಗಳು, ಕೇರಳದ ಹಿನ್ನೀರಿನಲ್ಲಿ ಸೂರ್ಯ ಮುಳುಗುವಾಗಿನ ದೋಣಿಮನೆ, ಮಳೆಗಾಲದಲ್ಲಿ ಕೋಡಿಯ ಮರಳ ಮೇಲೆ ಎಳೆದಿಟ್ಟ ದೋಣಿ, ಬಡಗುತಿಟ್ಟಿನ ಯಕ್ಷಗಾನ ವೇಷ ಒಂದು, ಕೊನೆಗೆ ಕೆ. ಕೆ. ಹೆಬ್ಬಾರರ ಚಿತ್ರದ ಒಂದು ಮುದ್ರಿತ ಪ್ರತಿ. ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಹಾಗಾಗಿ ಆ ಪಟ ಅಲ್ಲಿ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಐದೂ ಪಟಗಳನ್ನು ಹಾಗೇ ಯಂತ್ರಕ್ಕೆ ಕೊಟ್ಟರೆ ಎಂತ ಆಗುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ಗ್ರೀಕ್ ಮನೆಯ ಅಂಗಳದಲ್ಲಿ ದೋಣಿಮನೆ, ಅದರ ಮೇಲೊಂದು ಕಿರೀಟ. ಪಟ ಒಂದೇ ಆದರೂ ಅದರೊಳಗೆ ಬಣ್ಣ, ಬೆಳಕು, ಚೌಕಟ್ಟಿನ ಜೋಡಣೆ, ವಸ್ತು ಎಲ್ಲ ಹೆಣೆದುಕೊಂಡಿರುತ್ತವೆ. ಗಿರಾಕಿಗೆ ಹಿಡಿಸಿದ್ದು ಅವುಗಳಲ್ಲಿ ಸಾಮಾನ್ಯವಾಗಿ ಒಂದೇ ಒಂದು. ಅದು ಯಾವುದು ಎಂದು ಕೇಳಿ ತಿಳಿಯದೆ ಒಂದು ಶಬ್ದವನ್ನೂ ಬರೆಯಬಾರದು ಎಂಬುದು ನನ್ನ ನಿಯಮ. ಪ್ರತಿ ಪಟವನ್ನೂ ಬೇರೆ ಬೇರೆಯಾಗಿ ತೋರಿಸಿ, "ಅಕ್ಕ, ಇದರಲ್ಲಿ ಯಾವುದನ್ನು ತೆಗೆದರೆ ನಿಮಗೆ ಬೇಜಾರು ಆಗುತ್ತದೆ?" ಎಂದು ಕೇಳಿದೆ. "ಯಾವುದು ಇಷ್ಟ?" ಎಂದು ಕೇಳಿದರೆ "ಎಲ್ಲ ಲಾಯ್ಕ್ ಇತ್ತ್" ಎಂಬ ಉತ್ತರ ಬರುತ್ತದೆ. ತೆಗೆಯುವ ಮಾತು ಎತ್ತಿದರೆ ಜನ ಸರಿಯಾಗಿ ನೋಡುತ್ತಾರೆ.

ಸ್ಯಾಂಟೊರಿನಿಯ ಪಟಕ್ಕೆ ಅವರು ಹೇಳಿದ್ದು, "ಮನೆ ಅಲ್ಲ ಮಾರ್ರೆ, ಆ ಬಾಗಿಲಿನ ನೀಲಿ ಕಾಣಿ. ಮತ್ತೆ ಗೋಡೆ ಮೇಲೆ ನೆರಳು ಓರೆಯಾಗಿ ಬಿದ್ದದ್ದ್." ಕೇರಳದ ಪಟದಲ್ಲಿ ದೋಣಿಮನೆ ಬೇಡ, ಸಂಜೆಯ ಬಿಸುಪು ಬೇಕು. ಮಳೆಗಾಲದ ಪಟದಲ್ಲಿ ಒದ್ದೆ ಮರಳಿನ ಬೂದು ಬಣ್ಣ ಬೇಕು. ಹೆಬ್ಬಾರರ ಚಿತ್ರದಲ್ಲಿ ಅವರಿಗೆ ಬೇಕಿದ್ದದ್ದು ಖಾಲಿ ಜಾಗ ಮತ್ತು ಗೆರೆಯ ಓಟ. ಯಕ್ಷಗಾನದ ಪಟಕ್ಕೆ ಆಮೇಲೆ ಬರುತ್ತೇನೆ. ನೋಡಿ, ಉಳಿದ ನಾಲ್ಕು ಪಟಗಳು ಈಗ ಒಂದು ನೀಲಿ, ಒಂದು ಬೂದು, ಓರೆ ಬಿಸಿಲು, ಖಾಲಿ ಜಾಗ ಎಂದು ಇಳಿದವು. ಇಷ್ಟಾದ ಮೇಲೆ ಒಂದು ಆಸೆಯನ್ನೂ ಸೇರಿಸಿದರು. ಮನೆಯ ಎದುರುಗೋಡೆ ಸಂಜೆ ಬಿಸಿಲಿಗೆ ಹೊಳೆಯಬೇಕು, ಅದೇ ಪಟದಲ್ಲಿ ಮನೆಯ ಹಿಂದೆ ಕಡಲಿನಲ್ಲಿ ಸೂರ್ಯ ಮುಳುಗುತ್ತಿರಬೇಕು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋಡಿ ಎಂದರೆ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಪಂಚಗಂಗಾವಳಿಯ ಹೊಳೆನೀರು, ನಡುವೆ ಉದ್ದಕ್ಕೆ ಚಾಚಿದ ಮರಳುನೆಲ. ಉತ್ತರ ತುದಿಯ ಅಳಿವೆಯಾಚೆ ಗಂಗೊಳ್ಳಿ. ಸೂರ್ಯ ಘಟ್ಟದ ಮೇಲೆ ಹುಟ್ಟಿ ಕಡಲಿಗೆ ಇಳಿಯುತ್ತಾನೆ. ಅಕ್ಕನ ಮನೆಯ ಎದುರುಗೋಡೆ ಕಡಲಿಗೆ ಮುಖ ಮಾಡಿದೆ. ಅದು ಸಂಜೆ ಬಿಸಿಲಿಗೆ ಹೊಳೆಯುವುದನ್ನು ನೋಡಬೇಕಾದರೆ ನಾವು ಕಡಲಿಗೆ ಬೆನ್ನು ಹಾಕಿ ನಿಲ್ಲಬೇಕು, ಆಗ ಸೂರ್ಯ ನಮ್ಮ ಬೆನ್ನ ಹಿಂದೆ ಇರುತ್ತಾನೆ. ಸೂರ್ಯ ಚಿತ್ರದೊಳಗೆ ಬರಬೇಕಾದರೆ ಕಡಲಿಗೆ ಮುಖ ಮಾಡಬೇಕು, ಆಗ ಮನೆ ಕಪ್ಪು ಆಕಾರವಾಗಿ ಕಾಣುತ್ತದೆ. ಎರಡೂ ಒಟ್ಟಿಗೆ ಆಗುವ ಜಾಗ ಈ ಊರಿನಲ್ಲಿ ಇಲ್ಲ. ಯಂತ್ರಕ್ಕೆ ಇದು ತಿಳಿಯದು. ಕೇಳಿದರೆ ಎರಡನ್ನೂ ಬರೆದುಕೊಡುತ್ತದೆ. ಸೂರ್ಯ ಹಿಂದೆ, ನೆರಳೂ ಹಿಂದೆ. ಪೇಟೆಯಿಂದ ಬರುವ ಪ್ರವಾಸಿಗೆ ಅದು ಗೊತ್ತಾಗದಿರಬಹುದು, ಕೋಡಿಯವರಿಗೆ ನೋಡಿದ ತಕ್ಷಣ ಏನೋ ಸರಿ ಇಲ್ಲ ಎನಿಸುತ್ತದೆ. ಬಂದ ಚಿತ್ರವನ್ನು ಪರೀಕ್ಷಿಸಲು ನಾನು ಮೊದಲು ನೋಡುವುದೇ ಇದನ್ನು: ಕಂಬದ ಬುಡದಿಂದ ಹೊರಟ ನೆರಳು ಬೆಳಕು ಬರುವ ದಿಕ್ಕಿಗೆ ವಿರುದ್ಧವಾಗಿ ಹೋಗುತ್ತದೆಯೋ ಇಲ್ಲವೋ.

ದಾರಿ ಇತ್ತು. ದಂಡೆಯ ಮೇಲೆ ನಿಂತು ಉತ್ತರಕ್ಕೆ ಮುಖ ಮಾಡಿದರೆ ಕಡಲು ಎಡಕ್ಕೆ ಬರುತ್ತದೆ, ಮನೆ ಬಲಕ್ಕೆ. ಸಂಜೆಯ ಸೂರ್ಯ ಎಡಗಡೆಯಿಂದ ತಗ್ಗಾಗಿ ಬಂದು ಮನೆಯ ಎದುರುಗೋಡೆಗೆ ಹೊಡೆಯುತ್ತಾನೆ, ನೆರಳು ಬಲಕ್ಕೆ ಉದ್ದವಾಗಿ ಬೀಳುತ್ತದೆ. ಗೋಡೆಯೂ ಹೊಳೆಯುತ್ತದೆ, ಕಡಲೂ ಕಾಣುತ್ತದೆ. ಸೂರ್ಯಬಿಂಬ ಮಾತ್ರ ಚೌಕಟ್ಟಿನ ಹೊರಗೆ. ಕಾಗದದಲ್ಲಿ ಗೀಟು ಎಳೆದು ತೋರಿಸಿದಾಗ ಅಕ್ಕ ಒಪ್ಪಿದರು. ಇಷ್ಟು ಗಟ್ಟಿಯಾದ ಮೇಲೆ ಬೆಳಕಿನ ಬಗ್ಗೆ ಬರೆಯುವುದು ಸುಲಭ. ಬೆಳಕು ಎಲ್ಲಿಂದ ಬರುತ್ತದೆ, ಎಷ್ಟು ಎತ್ತರದಲ್ಲಿದೆ, ನೆರಳಿನ ಅಂಚು ಕಡಿದಂತೆ ಇದೆಯೋ ಮೆತ್ತಗಿದೆಯೋ ಎಂಬ ಮೂರು ಪ್ರಶ್ನೆಗೆ ಉತ್ತರ ಬರೆದರೆ ಸಾಕು. "ಗೋಲ್ಡನ್ ಅವರ್" ಎಂಬ ಮಾತನ್ನು ನಾನು ಆದಷ್ಟು ಬಳಸುವುದಿಲ್ಲ. ಆ ಹೆಸರಿನಲ್ಲಿ ಅಂತರ್ಜಾಲದಲ್ಲಿ ಸೇರಿರುವ ಪಟಗಳೆಲ್ಲ ಕಿತ್ತಳೆಯಲ್ಲಿ ಅದ್ದಿದವು, ಯಂತ್ರ ಕಲಿತದ್ದು ಅವನ್ನೇ ನೋಡಿ.

ಸ್ಯಾಂಟೊರಿನಿಯ ಓರೆ ನೆರಳಿನ ಬಗ್ಗೆಯೂ ಒಂದು ಮಾತು. ಆ ದ್ವೀಪ ಸುಮಾರು 36 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಜೂನ್ ತಿಂಗಳ ನಡುಮಧ್ಯಾಹ್ನದಲ್ಲೂ ಸೂರ್ಯ ಸುಮಾರು 77 ಡಿಗ್ರಿಗಿಂತ ಮೇಲೆ ಏರುವುದಿಲ್ಲ, ನೆತ್ತಿಗೆ ಬರುವುದೇ ಇಲ್ಲ. ಕುಂದಾಪುರ ಸುಮಾರು 13.6 ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ ಇಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ, ಮಾಡಿನ ಅಂಚಿನ ಕೆಳಗೆ ಗೋಡೆ ಪೂರ್ತಿ ಕತ್ತಲು. ಹಾಗಾಗಿ ಗ್ರೀಸಿನ ಆ ಓರೆ ನೆರಳು ನಮ್ಮಲ್ಲಿ ಬೇಕಾದರೆ ಮಧ್ಯಾಹ್ನ ಎಂದು ಬರೆದು ಉಪಯೋಗ ಇಲ್ಲ. ಸಂಜೆ ನಾಲ್ಕರ ಮೇಲಿನ ತಗ್ಗು ಬಿಸಿಲು ಎಂದೇ ಬರೆಯಬೇಕು. ಪಟದಲ್ಲಿ ಹೊತ್ತು ಎಷ್ಟು ಎಂದು ತಿಳಿಯಲು ನೆರಳನ್ನು ಅಳೆದರಾಯಿತು. ಆಳಿನ ಎತ್ತರದಷ್ಟೇ ನೆರಳು ಇದ್ದರೆ ಸೂರ್ಯ 45 ಡಿಗ್ರಿಯಲ್ಲಿದ್ದಾನೆ, ಎರಡು ಪಟ್ಟಿದ್ದರೆ ಇನ್ನೂ ಇಳಿದಿದ್ದಾನೆ.

ಇನ್ನು ಬಣ್ಣ. ಹೆಚ್ಚಿನ ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಟದಿಂದ ಬಣ್ಣ ಎತ್ತಲು ತಂತ್ರಾಂಶಗಳಲ್ಲಿ ಐಡ್ರಾಪರ್ ಎಂಬ ಸಲಕರಣೆ ಇದೆ. ಅದನ್ನು ಒಂದೇ ಚುಕ್ಕೆಯ ಮೇಲೆ ಇಟ್ಟರೆ ಮೋಸ ಹೋಗುತ್ತೇವೆ. ಹತ್ತಿರದಿಂದ ನೋಡಿದರೆ ಒಂದು ಮರಳ ಹಾಸಿನಲ್ಲಿ ಕಂದು, ನೇರಳೆ, ಹಸಿರು ಎಲ್ಲ ಚುಕ್ಕೆಗಳೂ ಇರುತ್ತವೆ. ಅದಕ್ಕೇ ನಾನು ಮೊದಲು ಪಟವನ್ನು ಚೆನ್ನಾಗಿ ಮಸುಕು ಮಾಡಿ, ಆಮೇಲೆ ಬಣ್ಣಗಳ ಸಂಖ್ಯೆಯನ್ನು ಇಳಿಸುತ್ತೇನೆ. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ `Image > Mode > Indexed` ಎಂಬಲ್ಲಿಗೆ ಹೋಗಿ ಬಣ್ಣಗಳ ಸಂಖ್ಯೆ 6 ಎಂದು ಕೊಟ್ಟರೆ ಇಡೀ ಪಟ ಆರು ಬಣ್ಣಗಳ ತೇಪೆಗಳಾಗಿ ಬದಲಾಗುತ್ತದೆ. ಆಗ ಯಾವ ಬಣ್ಣ ಎಷ್ಟು ಜಾಗ ಹಿಡಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಬಣ್ಣದ ಹೆಸರಿನಷ್ಟೇ ಅದರ ಪಾಲೂ ಮುಖ್ಯ. ಸ್ಯಾಂಟೊರಿನಿ ಪಟದಲ್ಲಿ ಅಕ್ಕನಿಗೆ ಅಷ್ಟು ಹಿಡಿಸಿದ ಆ ನೀಲಿ ಪಟದ ಒಂದು ಸಣ್ಣ ಮೂಲೆಯಲ್ಲಷ್ಟೇ ಇತ್ತು, ಉಳಿದದ್ದೆಲ್ಲ ಬಿಳಿ. ನೀಲಿಯನ್ನು ಹೆಚ್ಚು ಮಾಡಿದ್ದರೆ ಅವರು ಮೆಚ್ಚಿದ್ದು ಹೋಗಿಬಿಡುತ್ತಿತ್ತು.

ಈಗ ಮುಖ್ಯ ವಿಷಯ. ಕೇರಳದ ಸಂಜೆಯ ಪಟದಲ್ಲಿ ಹಿಂದೆ ಒಂದು ಸುಣ್ಣದ ಗೋಡೆ ಇತ್ತು. ನಮ್ಮ ಕಣ್ಣಿಗೆ ಅದು ಬಿಳಿ. ಐಡ್ರಾಪರ್ ಇಟ್ಟು ನೋಡಿದರೆ ಬರುವ ಸಂಕೇತ ಸುಮಾರು `#E6C49C`, ಅಂದರೆ ಮಾಸಲು ಕಿತ್ತಳೆಗೆ ಹತ್ತಿರದ ಬಣ್ಣ. ಕಾರಣ ಸರಳ, ಗೋಡೆ ಬಿಳಿಯೇ, ಅದರ ಮೇಲೆ ಬಿದ್ದ ಬೆಳಕು ಕಿತ್ತಳೆ. ಈಗ ಯಾರಾದರೂ ಪ್ಯಾಲೆಟ್ ಸಾಲಿನಲ್ಲಿ "ತಿಳಿ ಕಿತ್ತಳೆ ಗೋಡೆ" ಎಂದು ಬರೆದು, ಬೆಳಕಿನ ಸಾಲಿನಲ್ಲಿ "ಸಂಜೆಯ ಬೆಚ್ಚಗಿನ ಬಿಸಿಲು" ಎಂದೂ ಬರೆದರೆ ಯಂತ್ರ ಕಿತ್ತಳೆ ಗೋಡೆಗೆ ಮತ್ತೆ ಕಿತ್ತಳೆ ಬೆಳಕು ಹಾಯಿಸುತ್ತದೆ. ಒಂದೇ ಬಣ್ಣ ಎರಡು ಸಲ ಲೆಕ್ಕಕ್ಕೆ ಬಂತು. ಬಂದ ಚಿತ್ರ ಕಿತ್ತಳೆ ಹಣ್ಣಿನ ರಸ ಚೆಲ್ಲಿದ ಹಾಗಿರುತ್ತದೆ. ಗಿರಾಕಿ "ಸ್ವಲ್ಪ ಕಡಿಮೆ ಮಾಡಿ" ಎನ್ನುತ್ತಾರೆ, ಬರೆದವರಿಗೆ ಯಾವುದನ್ನು ಕಡಿಮೆ ಮಾಡಬೇಕೆಂದು ತಿಳಿಯುವುದಿಲ್ಲ. ಆದ್ದರಿಂದ ವಸ್ತುವಿನ ಸ್ವಂತ ಬಣ್ಣ ಬೇರೆ, ಬೆಳಕಿನ ಬಣ್ಣ ಬೇರೆ ಎಂದು ಮೊದಲೇ ಬಿಡಿಸಿಟ್ಟುಕೊಳ್ಳಬೇಕು. ಗೋಡೆಗೆ ಬಿಳಿ ಸುಣ್ಣ ಎಂದೇ ಬರೆಯಬೇಕು, ಕಿತ್ತಳೆಯನ್ನು ಬೆಳಕಿನ ಸಾಲಿಗೆ ಬಿಡಬೇಕು.

ಇದನ್ನು ಕಂಡುಹಿಡಿಯುವುದು ಹೇಗೆ? ಪಟದಲ್ಲಿ ನಿಜವಾಗಿ ಬಿಳಿ ಎಂದು ನಮಗೆ ಗೊತ್ತಿರುವ ಒಂದು ವಸ್ತುವನ್ನು ಹುಡುಕಿ. ಪಂಚೆ, ಸುಣ್ಣದ ಗೋಡೆ, ನೊರೆ, ಯಾವುದಾದರೂ ಆದೀತು. ಅದು ಯಾವ ಕಡೆಗೆ ವಾಲಿದೆಯೋ ಅದೇ ಬೆಳಕಿನ ಬಣ್ಣ. ಬಣ್ಣದ ಉಷ್ಣತೆಯನ್ನು ಕೆಲ್ವಿನ್ ಅಳತೆಯಲ್ಲಿ ಹೇಳುತ್ತಾರೆ. ದೀಪದ ಕುಡಿ ಸುಮಾರು 1900, ಮಧ್ಯಾಹ್ನದ ಬಿಸಿಲು ಸುಮಾರು 5500, ಮೋಡ ಮುಸುಕಿದ ಆಕಾಶ 6500ಕ್ಕೂ ಮೇಲೆ. ಸಂಖ್ಯೆ ಏರಿದ ಹಾಗೆ ಬೆಳಕು ನೀಲಿಯ ಕಡೆಗೆ ಹೋಗುತ್ತದೆ. ಮಳೆಗಾಲದ ಪಟದಲ್ಲಿ ದೋಣಿಯ ಮೇಲೆ ಹೊದಿಸಿದ ಬಿಳಿ ಹಾಳೆ ತಿಳಿನೀಲಿಯಾಗಿ ಕಂಡದ್ದು ಅದಕ್ಕೇ. ಅಂದರೆ ಅಕ್ಕನ ಎರಡು ಪಟಗಳು ಪರಸ್ಪರ ಜಗಳ ಆಡುತ್ತಿದ್ದವು: ಒಂದರ ಬೂದು ಮರಳು ಮೋಡದ ಬೆಳಕಿನದು, ಇನ್ನೊಂದರ ಬಿಸುಪು ಬಿಸಿಲಿನದು. ಒಂದು ಚಿತ್ರಕ್ಕೆ ಒಂದೇ ಆಕಾಶ ಇರಲು ಸಾಧ್ಯ. ನಾನು ಆರಿಸಿದ್ದು ತೆಳು ಮೋಡದ ಹಿಂದಿನಿಂದ ಬರುವ ಸಂಜೆ ಬಿಸಿಲು. ಮರಳು ಆಗಷ್ಟೇ ಅಲೆ ಇಳಿದು ಒದ್ದೆಯಾಗಿದ್ದರೆ ಆಕಾಶದ ಬೂದುಬಣ್ಣ ಅದರಲ್ಲಿ ಕನ್ನಡಿಯಂತೆ ಕಾಣುತ್ತದೆ, ಹಾಗಾಗಿ ಮಳೆಗಾಲವನ್ನು ಕರೆಯದೆಯೇ ಬೂದು ಬಂತು. "ಮಾನ್ಸೂನ್" ಎಂದು ಬರೆದಿದ್ದರೆ ಸಿಡಿಲು, ಪ್ರವಾಹ, ಕೊಡೆ ಹಿಡಿದ ಜನ ಎಲ್ಲ ಬರುವುದನ್ನು ಬೇಕಾದಷ್ಟು ನೋಡಿದ್ದೇನೆ. ಒದ್ದೆ ಮರಳು ಬೇಕಾದರೆ ಒದ್ದೆ ಮರಳು ಎಂದೇ ಬರೆಯಬೇಕು.

ಬಾಗಿಲಿನ ನೀಲಿಯನ್ನು ಗಟ್ಟಿ ಮಾಡಲು ಬಣ್ಣದಂಗಡಿಯ ಶೇಡ್ ಕಾರ್ಡ್ ತರಿಸಿದೆ. ಮೊಬೈಲಿನ ಪರದೆಯನ್ನು ನಂಬುವ ಹಾಗಿಲ್ಲ. ಕಣ್ಣಿಗೆ ಹಿತವಾಗಲಿ ಎಂದು ರಾತ್ರಿ ಹಳದಿ ಮಾಡುವ ಸೆಟ್ಟಿಂಗ್ ಅನೇಕರ ಫೋನಿನಲ್ಲಿ ಹಗಲೂ ಹಾಗೇ ಇರುತ್ತದೆ, ಅದರಲ್ಲಿ ಯಾವ ನೀಲಿಯೂ ನೀಲಿಯಲ್ಲ. ಅಕ್ಕ ಕಾರ್ಡಿನಲ್ಲಿ ಬೆರಳಿಟ್ಟದ್ದು ಸ್ವಲ್ಪ ಕಪ್ಪು ಬೆರೆತ ಗಾಢ ನೀಲಿಗೆ. ಈ ಬಣ್ಣವನ್ನು ಪ್ರಾಂಪ್ಟಿನಲ್ಲಿ ಸಂಕೇತಸಂಖ್ಯೆಯಾಗಿ ಕೊಡುವುದಕ್ಕಿಂತ ಹೆಸರಾಗಿ ಕೊಡುವುದು ಮೇಲು. ಸಂಖ್ಯೆಯನ್ನು ಅರ್ಥಮಾಡಿಕೊಳ್ಳುವ ಹೊಸ ತಂತ್ರಾಂಶಗಳು ಕೆಲವು ಇದ್ದರೂ ಹೆಚ್ಚಿನವು ಪಟಗಳ ಜೊತೆ ಜನ ಬರೆದ ಮಾತನ್ನು ಓದಿ ಕಲಿತವು, ಆ ಮಾತಿನಲ್ಲಿ ಸಂಖ್ಯೆಗಳಿರುವುದಿಲ್ಲ. ಆ ಮಾತು ಬಹುಪಾಲು ಇಂಗ್ಲಿಷ್ ಆದ್ದರಿಂದ ಪ್ರಾಂಪ್ಟನ್ನೂ ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ.

ಚೌಕಟ್ಟಿನ ವಿಷಯ ಬೇಗ ಹೇಳಿ ಮುಗಿಸಬಹುದು. ಪೋಸ್ಟರಿನಲ್ಲಿ ಮನೆಯ ಹೆಸರು ಕನ್ನಡದಲ್ಲಿ ಬರಬೇಕು. ಯಂತ್ರ ಬರೆಯುವ ಕನ್ನಡ ಅಕ್ಷರಗಳಲ್ಲಿ ಒತ್ತು, ಕೊಂಬು ಎಲ್ಲ ತಪ್ಪುವುದೇ ಹೆಚ್ಚು, ಆದ್ದರಿಂದ ಅಕ್ಷರವನ್ನು ನಾವೇ ಆಮೇಲೆ ಕೂರಿಸುತ್ತೇವೆ. ಅದಕ್ಕೆ ಜಾಗ ಬೇಕು. ಹೆಬ್ಬಾರರ ಚಿತ್ರದಿಂದ ಅಕ್ಕ ಕೇಳಿದ ಖಾಲಿ ಜಾಗ ಇಲ್ಲಿ ಕೆಲಸಕ್ಕೆ ಬಂತು: ಕಡಲು ಆಕಾಶ ಸೇರುವ ಗೆರೆಯನ್ನು ಚಿತ್ರದ ಕೆಳಗಿನ ಮೂರನೇ ಒಂದು ಭಾಗಕ್ಕೆ ಇಳಿಸಿ, ಮೇಲೆಲ್ಲ ಆಕಾಶ ಬಿಟ್ಟೆ. ಹೆಬ್ಬಾರರ ಹೆಸರನ್ನು ಪ್ರಾಂಪ್ಟಿನಲ್ಲಿ ಹಾಕಲಿಲ್ಲ. ಅವರು ತೀರಿಕೊಂಡದ್ದು 1996ರಲ್ಲಿ, ನಮ್ಮ ಕಾನೂನಿನ ಪ್ರಕಾರ ಕಲಾವಿದರ ಮರಣದ ನಂತರ 60 ವರ್ಷ ಕೃತಿಯ ಹಕ್ಕು ಅವರ ವಾರಸುದಾರರದು. ಕಾನೂನಿನ ಮಾತು ಹಾಗಿರಲಿ, ಒಬ್ಬರು ಜೀವಮಾನವಿಡೀ ಪಳಗಿಸಿದ ಗೆರೆಯನ್ನು ಹೆಸರು ಕೂಗಿ ಯಂತ್ರದಿಂದ ತರಿಸಿ ಪೋಸ್ಟರಿಗೆ ಅಂಟಿಸುವುದು ನನಗೆ ಒಪ್ಪಿಗೆ ಇಲ್ಲ. ಅವರ ಚಿತ್ರ ನೋಡಿ ಖಾಲಿ ಜಾಗದ ಬೆಲೆ ಕಲಿಯಬಹುದು, ಅದು ಎಲ್ಲರಿಗೂ ಸೇರಿದ್ದು.

ಇಷ್ಟೆಲ್ಲ ಸೇರಿ ಕೊನೆಗೆ ಬರೆದದ್ದು ಇಷ್ಟೇ:

```
view along a beach, eye level, horizon on the lower third,
grey sea on the left, old white lime-washed house with
red clay tile roof on the right, wide empty sky above,
low sun from the left, outside the frame, thin cloud,
long soft-edged shadows falling to the right,
wet grey sand, pale sky, one small dark blue door
--ar 4:5 --no people, houseboat, umbrella
```

ಮಿಡ್‌ಜರ್ನಿ ಎಂಬ ತಂತ್ರಾಂಶಕ್ಕೆ ಬರೆದ ಪ್ರಾಂಪ್ಟ್ ಇದು. ಕೊನೆಯ ಸಾಲಿನ ಮೊದಲ ಗುರುತು ಚಿತ್ರದ ಅಗಲ ಮತ್ತು ಎತ್ತರದ ಪ್ರಮಾಣ. ಎರಡನೆಯದು ಬೇಡವಾದವುಗಳ ಪಟ್ಟಿ. ಬೇಡ ಎನ್ನುವುದನ್ನು ಮೇಲಿನ ವಾಕ್ಯದಲ್ಲೇ "ಜನ ಬೇಡ" ಎಂದು ಬರೆದರೆ ಜನ ಎಂಬ ಶಬ್ದ ಹಿಡಿದುಕೊಂಡು ಜನರನ್ನೇ ಬರೆದುಬಿಡುವುದುಂಟು, ಆದ್ದರಿಂದ ಅದಕ್ಕೆ ಪ್ರತ್ಯೇಕ ಜಾಗ. ಸುಂದರ, ಪಾರಂಪರಿಕ, ಮನಮೋಹಕ ಎಂಬಂಥ ಮಾತು ಒಂದೂ ಇಲ್ಲದ್ದನ್ನು ಗಮನಿಸಿ. ಅವು ಜಾಗ ತಿನ್ನುತ್ತವೆ. ಹಳೆಯ ಸ್ಟೇಬಲ್ ಡಿಫ್ಯೂಷನ್ ಒಂದು ಸಲಕ್ಕೆ 77 ತುಣುಕು ಮಾತನ್ನಷ್ಟೇ ಓದುತ್ತಿತ್ತು, ಅದರಲ್ಲೂ ಎರಡು ಆರಂಭ ಮತ್ತು ಅಂತ್ಯದ ಗುರುತಿಗೆ ಹೋಗುತ್ತಿದ್ದವು. ಹೊಸವು ಹೆಚ್ಚು ಓದುತ್ತವೆ, ಆದರೂ ಮುಖ್ಯವಾದದ್ದನ್ನು ಮೊದಲು ಬರೆಯುವ ಅಭ್ಯಾಸ ಒಳ್ಳೆಯದು.

ತಿದ್ದುವಾಗ ಒಂದು ಸಲಕ್ಕೆ ಒಂದೇ ಮಾತು ಬದಲಿಸಬೇಕು. `--seed` ಎಂದು ಒಂದು ಸಂಖ್ಯೆಯನ್ನು ಕೂರಿಸಿದರೆ ಪ್ರತಿ ಸಲವೂ ಯಂತ್ರ ಒಂದೇ ಜಾಗದಿಂದ ಹೊರಡುತ್ತದೆ, ಆಗ ಯಾವ ಮಾತಿನಿಂದ ಏನು ಬದಲಾಯಿತು ಎಂದು ಹೆಚ್ಚುಕಡಿಮೆ ತಿಳಿಯುತ್ತದೆ. ನಮ್ಮ ಚಿತ್ರದಲ್ಲಿ ಬಾಗಿಲಿನ ನೀಲಿ ಕಿಟಕಿಗೂ ಹರಿದು, ಕಡಲಿಗೂ ಹಬ್ಬಿತು. ಬಣ್ಣ ತನ್ನ ವಸ್ತು ಬಿಟ್ಟು ಪಕ್ಕಕ್ಕೆ ಸೋರುವುದು ಈ ಯಂತ್ರಗಳ ಹಳೆಯ ಚಾಳಿ. ನೀಲಿಯನ್ನು ಬಾಗಿಲಿನ ಪಕ್ಕಕ್ಕೇ ಕಟ್ಟಿ, "ಒಂದು", "ಸಣ್ಣ" ಎಂಬ ಮಾತು ಸೇರಿಸಿ, ಕಡಲಿಗೆ ಬೂದು ಎಂದು ಬೇರೆಯಾಗಿ ಹೇಳಿದ ಮೇಲೆ ಅದು ಬಾಗಿಲಿನಲ್ಲಿ ನಿಂತಿತು.

ಈಗ ಯಕ್ಷಗಾನದ ಪಟ. ಅಕ್ಕನಿಗೆ ಬೇಕಿದ್ದದ್ದು ವೇಷವಲ್ಲ, ಆ ಬೆಳಕು. ರಾತ್ರಿ ಜಗಲಿಯ ಇನ್ನೊಂದು ಚಿತ್ರಕ್ಕೆ ಅದು ಬೇಕಿತ್ತು. ಹಿಂದೆ ಬಯಲಾಟ ನಡೆಯುತ್ತಿದ್ದದ್ದು ದೊಂದಿಯ ಬೆಳಕಿನಲ್ಲಿ. ಬೆಂಕಿಯ ಬೆಳಕಿನಲ್ಲಿ ನೀಲಿಯ ಅಂಶ ತೀರ ಕಡಿಮೆ, ಹಾಗಾಗಿ ನೀಲಿ ಬಟ್ಟೆ ಅದರೆದುರು ಕಪ್ಪಾಗಿ ಕಾಣುತ್ತದೆ, ಕೆಂಪು ಹಳದಿ ಎದ್ದು ಬರುತ್ತವೆ. ಬಡಗುತಿಟ್ಟಿನ ಕೆಂಪು, ಕಪ್ಪು, ಚಿನ್ನದ ಬೇಗಡೆ, ಮುಖದ ಇಂಗಳೀಕ ಎಲ್ಲವೂ ಆ ಬೆಳಕಿಗೆ ಹೊಂದುವ ಬಣ್ಣಗಳೇ. ಜಗಲಿಯ ಚಿತ್ರಕ್ಕೆ ನಾನು ಬರೆದದ್ದು ಒಂದೇ ಎಣ್ಣೆದೀಪ, ಎಡಗಡೆ ತಗ್ಗಿನಲ್ಲಿ, ಬೆಳಕು ಬೇಗ ಕರಗಿ ಹಿಂದೆ ಕತ್ತಲು ಎಂದು. ಬಾಗಿಲಿನ ನೀಲಿ ಅಲ್ಲಿ ಕಪ್ಪಾದದ್ದನ್ನು ನೋಡಿ ಅಕ್ಕ ಕೇಳಿದರು, ಕಾರಣ ಹೇಳಿದ ಮೇಲೆ ಒಪ್ಪಿದರು. ವೇಷವನ್ನು ಮಾತ್ರ ಯಂತ್ರದಿಂದ ಬರೆಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಕ್ಷಗಾನ ಎಂದು ಬರೆದರೆ ಕಥಕಳಿಯ ಹಸಿರು ಮುಖವೂ ಎಲ್ಲಿಯದೋ ಕಿರೀಟವೂ ಸೇರಿ ಬರುತ್ತವೆ. ಮುಂಡಾಸು, ಕೇದಗೆ ಮುಂದಲೆ ಎಂಬ ಭೇದ ಅದಕ್ಕಿಲ್ಲ. ವೇಷ ಬೇಕಾದರೆ ಕಲಾವಿದರ ಒಪ್ಪಿಗೆ ಪಡೆದು ಚೌಕಿಗೆ ಹೋಗಿ ಫೋಟೋ ತೆಗೆಯುವುದೇ ಸರಿ.

ಪೋಸ್ಟರಿನಲ್ಲಿ ಕೊನೆಯವರೆಗೂ ಮಾತಿಗೆ ಬಗ್ಗದೆ ಉಳಿದದ್ದು ಮಾಡು. ಕೆಂಪು ಮಣ್ಣಿನ ಹಂಚು ಎಂದರೆ ಯಂತ್ರ ಸ್ಪೇನ್, ಇಟಲಿಯ ಕಡೆಯ ಅರ್ಧಕೊಳವೆಯಂಥ ಹಂಚನ್ನೇ ಹೊದಿಸುತ್ತದೆ. ನಮ್ಮ ಮಂಗಳೂರು ಹಂಚು ಚಪ್ಪಟೆ, ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರುವಂಥದ್ದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯ ಹಂಚಿನ ಮಾಡಿಗೆ ಹೆಚ್ಚಾಗಿ ಅದೇ. ಚಪ್ಪಟೆ, ಒಂದಕ್ಕೊಂದು ಕೂರುವ ಹಂಚು ಎಂದು ಎಷ್ಟು ಬಿಡಿಸಿ ಬರೆದರೂ ಸಾಲುಗಳು ಸರಿಯಾಗಲಿಲ್ಲ. ಆಗ ಮಾತು ಬಿಟ್ಟು ಅಕ್ಕನ ಮನೆಯ ಮಾಡಿನದೇ ಫೋಟೋ ತೆಗೆದೆ, ಉತ್ತರಕ್ಕೆ ಮುಖ ಮಾಡಿ, ಸಂಜೆ ಐದರ ಬಿಸಿಲಿನಲ್ಲಿ, ಚಿತ್ರದಲ್ಲಿ ಬೆಳಕು ಬೀಳುವ ಕಡೆಯಿಂದಲೇ ಬೀಳುವ ಹಾಗೆ. ಆ ಮಾಡನ್ನು ಕತ್ತರಿಸಿ ಚಿತ್ರದ ಮಾಡಿನ ಮೇಲೆ ಕೂರಿಸಿ, ಅಂಚಿನ ನೆರಳನ್ನು ಗೋಡೆಯ ಮೇಲೆ ಕೈಯಲ್ಲೇ ಎಳೆದೆ. ಈಗ ಆ ಪೋಸ್ಟರಿನ ಮನೆ ಯಂತ್ರದ್ದು, ಹಂಚು ಕೋಡಿಯದು.